ನಸುಕಿಗೆ ಮೊದಲು, ತಂತಿಯ ತುದಿಯಲ್ಲಿ

ಯುದ್ಧದ ಕಥೆ ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವವನು ಬಂದೂಕು ಹಿಡಿದು ಮುನ್ನುಗ್ಗುವ ಸೈನಿಕ. ಆದರೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಇನ್ನೊಬ್ಬನಿದ್ದ. ಅವನು ಮೂಲೆಯಲ್ಲಿ ಕೂತಿರುತ್ತಿದ್ದ. ಕಿವಿಗೆ ಟೆಲಿಫೋನಿನ ರಿಸೀವರ್, ಬೆರಳಡಿಗೆ ಮೋರ್ಸ್ ಕೀಲಿ, ತೊಡೆಯ ಮೇಲೆ ಸಂದೇಶ ಬರೆಯುವ ಪುಸ್ತಕ. ತೋಳಿನ ತುದಿಯಲ್ಲಿ ಒಂದರ ಮೇಲೊಂದು ಅಡ್ಡವಾಗಿ ಇಟ್ಟ ಎರಡು ಬಾವುಟಗಳ ಬಿಲ್ಲೆ. ಅವನನ್ನು ಸಿಗ್ನಲರ್ ಎನ್ನುತ್ತಿದ್ದರು. ನಸುಕಿಗೆ ಮೊದಲು, ದಾಳಿಗೆ ಕೆಲವು ಗಂಟೆಗಳಿರುವಾಗ, ಕಂದಕದಲ್ಲಿ ಕಾಯುತ್ತ ಕೂತ ಒಬ್ಬ ಎಳೆಯ ಸಿಗ್ನಲರನ ಬಗ್ಗೆ ಸಣ್ಣ ಕಥೆ ಬರೆದರೆ ಅದರಲ್ಲಿ ಏನಿರಬೇಕು? ನನ್ನ ಮಟ್ಟಿಗೆ ಆ ಕಥೆಯ ಜೀವ ಗುಂಡಿನಲ್ಲೂ ಇಲ್ಲ, ರಕ್ತದಲ್ಲೂ ಇಲ್ಲ. ಅದು ಅವನ ಮುಂದಿರುವ ತಂತಿಯಲ್ಲಿದೆ. ಮಾತಾಡಬಾರದ ಹೊತ್ತಿನಲ್ಲಿ ಆ ತಂತಿ ಮಾತಾಡಿತು, ಮಾತಾಡಲೇಬೇಕಾದ ಹೊತ್ತಿನಲ್ಲಿ ಸತ್ತುಹೋಯಿತು. ಇದು ಕಲ್ಪನೆಯಲ್ಲ, 1916ರ ಜುಲೈ 1ರಂದು ಫ್ರಾನ್ಸಿನಲ್ಲಿ ನಡೆದದ್ದು.

ಹಾಗಾಗಿ ಕಥೆಯ ಹುಡುಗನನ್ನು ಅಲ್ಲೇ ಕೂರಿಸೋಣ. ಊರು ಲಾ ಬ್ವಾಸೆಲ್, ಸೋಮ್ ನದಿಯ ಉತ್ತರಕ್ಕಿರುವ ಪುಟ್ಟ ಹಳ್ಳಿ. ಹಳ್ಳಿ ಜರ್ಮನರ ಕೈಯಲ್ಲಿದೆ. ಎದುರಿಗೆ ಬ್ರಿಟಿಷರ 34ನೇ ಡಿವಿಜನ್. ಅದರಲ್ಲಿ ಟೈನ್‌ಸೈಡ್ ಸ್ಕಾಟಿಷ್ ಎಂಬ ನಾಲ್ಕು ಬೆಟಾಲಿಯನ್‌ಗಳು, ಟೈನ್‌ಸೈಡ್ ಐರಿಷ್ ಎಂಬ ಇನ್ನು ನಾಲ್ಕು. ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕಾಸಲ್ ಸುತ್ತಲಿನ ಕಲ್ಲಿದ್ದಲ ಗಣಿಗಳಿಂದ, ಹಡಗು ಕಟ್ಟೆಗಳಿಂದ ಬಂದ ಸ್ವಯಂಸೇವಕರೇ ಇದರಲ್ಲಿ ಬಹುಮಂದಿ. ಒಂದೇ ಬೀದಿಯವರು, ಒಂದೇ ಗಣಿಯವರು ಜೊತೆಯಾಗಿ ಹೆಸರು ಬರೆಸಿದ್ದರು. ನಮ್ಮ ಹುಡುಗನಿಗೆ ಹತ್ತೊಂಬತ್ತು ವರ್ಷ ಎಂದಿಟ್ಟುಕೊಳ್ಳೋಣ. ಓದುಬರಹ ಚೆನ್ನಾಗಿ ಬರುತ್ತದೆ, ಕಿವಿ ಚುರುಕು. ಅದಕ್ಕೇ ಅವನನ್ನು ಬಂದೂಕಿನ ಸಾಲಿನಿಂದ ತೆಗೆದು ಈ ಕೆಲಸಕ್ಕೆ ಹಾಕಿದ್ದಾರೆ. ತಿಂಗಳುಗಟ್ಟಲೆ ಮೋರ್ಸ್ ಕಲಿತಿದ್ದಾನೆ. ಕೂಗಿ ಹೇಳುವಾಗ ಒಂದಕ್ಷರ ಇನ್ನೊಂದರಂತೆ ಕೇಳಬಾರದೆಂದು ಎ ಎನ್ನಲು ಆ್ಯಕ್, ಎಂ ಎನ್ನಲು ಎಮ್ಮಾ, ಪಿ ಎನ್ನಲು ಪಿಪ್ ಎನ್ನುವುದು ಬಾಯಿಪಾಠವಾಗಿದೆ. ಹೀಗಾಗಿ ಸಿಗ್ನಲರುಗಳ ಬಾಯಲ್ಲಿ ಬೆಳಗ್ಗೆ ಎಂದರೆ ಆ್ಯಕ್ ಎಮ್ಮಾ, ಮಧ್ಯಾಹ್ನದ ಮೇಲೆ ಎಂದರೆ ಪಿಪ್ ಎಮ್ಮಾ.

ಆ ರಾತ್ರಿ ಕಂದಕ ಕಿಕ್ಕಿರಿದಿದೆ. ಒಬ್ಬೊಬ್ಬರ ಬೆನ್ನಮೇಲೂ ಮಣಭಾರ. ಕೂರಲು ಜಾಗವಿಲ್ಲದೆ ನಿಂತಲ್ಲೇ ತೂಕಡಿಸುತ್ತಿದ್ದಾರೆ. ಜೂನ್ 24ರಿಂದ ಬ್ರಿಟಿಷ್ ಫಿರಂಗಿಗಳು ಜರ್ಮನರ ಸಾಲಿನ ಮೇಲೆ ಹಗಲು ರಾತ್ರಿ ಶೆಲ್ ಸುರಿಸಿವೆ, ಒಟ್ಟು ಸುಮಾರು 15 ಲಕ್ಷ. ದಾಳಿ ಜೂನ್ 29ಕ್ಕೇ ಆಗಬೇಕಿತ್ತು, ಮಳೆ ಬಂದು ಎರಡು ದಿನ ಮುಂದೆ ಹೋಯಿತು. ಎರಡು ದಿನ ಹೆಚ್ಚು ಕಾದ ಮನುಷ್ಯರ ನಡುವೆ ಸಿಗ್ನಲರನ ಪರಿಸ್ಥಿತಿಯೇ ಬೇರೆ. ಉಳಿದವರಿಗೆ ಅಪ್ಪಣೆ ಬರುವ ತನಕ ಮಾಡಲು ಏನೂ ಇಲ್ಲ. ಅವನಿಗೆ ಕಿವಿ ಮುಚ್ಚುವ ಹಾಗಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬ್ರಿಗೇಡ್ ಕಚೇರಿಯನ್ನು ಕರೆದು ಲೈನ್ ಜೀವಂತವಾಗಿದೆಯೇ ಎಂದು ನೋಡಬೇಕು. ಕೀಲಿ ಒತ್ತಿದರೆ ಪೆಟ್ಟಿಗೆಯೊಳಗಿನ ಬಜರ್ ಜೀರುಂಡೆಯ ದನಿ ಹೊರಡಿಸುತ್ತದೆ, ಅದೇ ದನಿ ತಂತಿಯ ಆ ತುದಿಯಲ್ಲೂ ಕೇಳುತ್ತದೆ. ಅಲ್ಲಿಂದ ಉತ್ತರ ಬಂದರೆ ಸಮಾಧಾನ.

"ಲೈನ್ ಇದೆಯೇನೋ?"

"ಇದೆ, ಸಾರ್ಜೆಂಟ್."

ಆ ಒಂದು ರಾತ್ರಿಯಲ್ಲಿ ಈ ಎರಡು ಮಾತು ಎಷ್ಟು ಸಲ ಬಂದುಹೋಗಿರಬಹುದೋ! ಸಾರ್ಜೆಂಟ್ ಕೇಳುವುದು ತಂತಿಯ ವಿಷಯ ಮಾತ್ರವಲ್ಲ ಎಂಬುದು ಹುಡುಗನಿಗೂ ಗೊತ್ತು. ದಾಳಿ ನಿಂತಿತು ಎಂಬ ಸುದ್ದಿ ಬರುವುದಾದರೆ ಆ ತಂತಿಯ ಮೂಲಕವೇ ಬರಬೇಕು. ಬಂದ ಸಂದೇಶವನ್ನು ಅವನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾನೆ, ಬಂದ ಗಂಟೆ ನಿಮಿಷ ನಮೂದಿಸುತ್ತಾನೆ, ಅಧಿಕಾರಿಗೆ ಕೊಡುತ್ತಾನೆ. ಸಮಯ ಬರೆಯದ ಸಂದೇಶಕ್ಕೆ ಯುದ್ಧದಲ್ಲಿ ಬೆಲೆಯಿಲ್ಲ. ಹತ್ತು ಗಂಟೆಗೆ ನಿಜವಾಗಿದ್ದದ್ದು ಹತ್ತೂವರೆಗೆ ಸುಳ್ಳಾಗಿರಬಹುದು. ಓದಿದ್ದನ್ನು ಪಕ್ಕದವನಿಗೆ ಹೇಳುವಂತಿಲ್ಲ. ಇಡೀ ಕಂದಕದಲ್ಲಿ ಅಧಿಕಾರಿಗಳನ್ನು ಬಿಟ್ಟರೆ ಅವನಿಗೇ ಹೆಚ್ಚು ಗೊತ್ತು, ಆದರೆ ಅವನೇ ಅಲ್ಲಿ ಎಲ್ಲರಿಗಿಂತ ಮೌನಿ. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಇನ್ನೆಲ್ಲಿ ಸಿಗಬೇಕು?

ತಂತಿ ಕಡಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಕೆಲಸದ ಎದೆಗಾರಿಕೆ ಇರುವುದು ಅಲ್ಲೇ. ಸಿಗ್ನಲರ್ ಕರೆಯುತ್ತಾನೆ, ಉತ್ತರವಿಲ್ಲ. ಇನ್ನೊಮ್ಮೆ ಕರೆಯುತ್ತಾನೆ, ಇಲ್ಲ. ಲೈನ್ "ಡಿಸ್" ಆಗಿದೆ ಎನ್ನುತ್ತಾನೆ. ಅಂದರೆ ಎಲ್ಲೋ ತುಂಡಾಗಿದೆ. ದನಿ ಪೂರ್ತಿ ಸಾಯದೆ ಕ್ಷೀಣವಾಗಿ ಕೇಳಿದರೆ ಅದು ಬೇರೆ ರೋಗ. ತಂತಿಯ ಮೇಲಿನ ರಬ್ಬರು ಸವೆದು ಒಳಗಿನ ಲೋಹ ಒದ್ದೆ ಮಣ್ಣಿಗೆ ತಾಗಿದೆ, ವಿದ್ಯುತ್ತು ದಾರಿಯಲ್ಲೇ ಸೋರಿಹೋಗುತ್ತಿದೆ ಎಂದರ್ಥ. ಯಾವುದೇ ಆದರೂ ಯಾರಾದರೊಬ್ಬರು ಹೊರಗೆ ಹೋಗಲೇಬೇಕು.

ಹೋಗುವವನ ಬಳಿ ಇಕ್ಕಳ, ಟೇಪು, ಒಂದಷ್ಟು ಬಿಡಿ ತಂತಿ, ಒಂದು ಟೆಲಿಫೋನ್ ಇರುತ್ತವೆ. ದೀಪ ಹಚ್ಚುವಂತಿಲ್ಲ. ತಂತಿಯನ್ನು ಬೊಗಸೆಯೊಳಗೆ ಸಡಿಲವಾಗಿ ಹಿಡಿದು, ಅದು ಅಂಗೈಯಲ್ಲಿ ಜಾರುತ್ತ ಹೋಗುವಂತೆ ಬಗ್ಗಿ ನಡೆಯುತ್ತಾನೆ. ಕಣ್ಣಿನ ಕೆಲಸವನ್ನು ಕೈ ಮಾಡುತ್ತದೆ. ಒಂದೆಡೆ ಕೈಯೊಳಗಿನ ತಂತಿ ಸಟ್ಟನೆ ಮುಗಿದುಬಿಡುತ್ತದೆ. ಇದು ಒಂದು ತುದಿ. ಇನ್ನೊಂದು ತುದಿ? ಶೆಲ್ ಅದನ್ನು ಎಷ್ಟೋ ಗಜ ದೂರ ಎಸೆದಿರುತ್ತದೆ. ಮಂಡಿಯೂರಿ, ಕೆಸರಿನಲ್ಲಿ ಕೈಯಾಡಿಸುತ್ತ ಸುತ್ತು ಹಾಕುತ್ತಾನೆ. ತಂತಿಯೊಂದು ಸಿಗುತ್ತದೆ. ಆದರೆ ಅದು ತನ್ನದೇ ತಂತಿಯೇ? ಒಂದೇ ಕಂದಕದ ಗೋಡೆಯಲ್ಲಿ ಫಿರಂಗಿದಳದ್ದು, ಪಕ್ಕದ ಬೆಟಾಲಿಯನ್ನಿನದು, ಬ್ರಿಗೇಡಿನದು ಎಂದು ಹಲವು ಲೈನುಗಳು ಹಾದುಹೋಗಿರುತ್ತವೆ. ಗುರುತಿನ ಚೀಟಿ ಕಟ್ಟಿರುತ್ತಾರೆ, ಶೆಲ್ ಬಿದ್ದ ಮೇಲೆ ಚೀಟಿ ಎಲ್ಲಿಂದ ಬರಬೇಕು? ಅವಸರದಲ್ಲಿ ಯಾರದೋ ತಂತಿಗೆ ಯಾರದೋ ತಂತಿ ಗಂಟುಹಾಕಿಬಿಟ್ಟರೆ ಎರಡೂ ಕೆಟ್ಟವು. ಅದಕ್ಕೆ ಅವನು ತನ್ನ ಟೆಲಿಫೋನನ್ನು ಸಿಕ್ಕ ತುದಿಗೆ ಸಿಕ್ಕಿಸಿ, ಕಬ್ಬಿಣದ ಸಣ್ಣ ಗೂಟವೊಂದನ್ನು ನೆಲಕ್ಕೆ ಚುಚ್ಚಿ, ಕರೆದು ನೋಡುತ್ತಾನೆ. ತನ್ನವರ ಉತ್ತರ ಬಂದ ಮೇಲೆಯೇ ರಬ್ಬರು ಸುಲಿದು, ಲೋಹ ಕೆರೆದು, ಗಂಟುಹಾಕಿ, ಟೇಪು ಸುತ್ತುವುದು. ಸುತ್ತಿ ಹಿಂದಿರುಗುವಷ್ಟರಲ್ಲಿ ಮತ್ತೊಂದು ಶೆಲ್ ಬಿದ್ದು ಇನ್ನೊಂದೆಡೆ ಕಡಿದಿರುವುದೂ ಉಂಟು. ಸೋಮ್ ದಾಳಿಗೆ ಮುಂಚೆ ಈ ಕಾಟ ತಪ್ಪಿಸಲೆಂದೇ ಮುಖ್ಯ ಕೇಬಲ್‌ಗಳನ್ನು ಆರು ಅಡಿ ಆಳದಲ್ಲಿ ಹೂತರು. ರಾತ್ರಿ ರಾತ್ರಿ ಅಗೆದದ್ದು ಕಾಲಾಳುಗಳು. ಗಣಿಯಿಂದ ಬಂದ ಟೈನ್‌ಸೈಡಿನವರಿಗೆ ಅಗೆಯುವುದು ಹೊಸದೇನಲ್ಲ. ಹೂತದ್ದು ಮಟ್ಟಿಗೆ ತಂತಿ ಗಟ್ಟಿಯಾಗಿ ಉಳಿಯಿತು ಕೂಡ.

ಆದರೆ ಇನ್ನೊಂದು ರೋಗವಿತ್ತು, ಅದು ಕಡಿಯುವುದಕ್ಕಿಂತ ಕೆಟ್ಟದ್ದು. ನಾನು ಹೇಳಿದ ಆ ಕಬ್ಬಿಣದ ಗೂಟವನ್ನು ನೆನಪಿಡಿ. ವಿದ್ಯುತ್ತು ಹರಿಯಬೇಕಾದರೆ ಹೋಗಲು ಒಂದು ದಾರಿ, ಮರಳಲು ಒಂದು ದಾರಿ ಬೇಕು. ಎರಡು ತಂತಿ ಎಳೆದರೆ ಖರ್ಚು, ಭಾರ, ಕೆಲಸ ಎಲ್ಲವೂ ಇಮ್ಮಡಿ. ಹಾಗಾಗಿ ಹೋಗುವುದಕ್ಕೆ ಮಾತ್ರ ತಂತಿ ಹಾಕಿ, ಮರಳುವ ಕೆಲಸವನ್ನು ಭೂಮಿಗೇ ಬಿಟ್ಟಿದ್ದರು. ಎರಡೂ ತುದಿಯಲ್ಲಿ ಗೂಟ ಚುಚ್ಚಿದರೆ ಸಾಕು. ಆದರೆ ನೆಲಕ್ಕಿಳಿದ ವಿದ್ಯುತ್ತು ಒಂದೇ ಗೆರೆಯಲ್ಲಿ ಮರಳುವುದಿಲ್ಲ, ಅಂಗಳಕ್ಕೆ ಸುರಿದ ನೀರಿನಂತೆ ಸುತ್ತಲೂ ಹರಡಿಕೊಳ್ಳುತ್ತದೆ. ಅದಕ್ಕೆ ನಮ್ಮ ಸಾಲು, ಶತ್ರುವಿನ ಸಾಲು ಎಂಬ ಭೇದವಿಲ್ಲ. ಜರ್ಮನರು ಇದನ್ನು 1915ರಲ್ಲೇ ಕಂಡುಕೊಂಡಿದ್ದರು. ತಮ್ಮ ಮುಂದಿನ ಕಂದಕಗಳಿಂದ ತಂತಿಗಳನ್ನು ಎಳೆದು, ಅವುಗಳ ತುದಿಯನ್ನು ಬ್ರಿಟಿಷ್ ಸಾಲಿನ ಸಮೀಪ ನೆಲದಲ್ಲಿ ಹೂತು, ಹಿಂದೆ ಡಗೌಟಿನಲ್ಲಿ ವಾಲ್ವ್ ಇರುವ ಆಂಪ್ಲಿಫೈಯರ್ ಇಟ್ಟುಕೊಂಡು ಇಂಗ್ಲಿಷ್ ಬಲ್ಲವನೊಬ್ಬನನ್ನು ಕೂರಿಸಿದರು. ಮಣ್ಣಿನಲ್ಲಿ ಸೋರಿ ಬಂದ ಬಜರ್ ದನಿ, ಕೆಲವೊಮ್ಮೆ ಮಾತೇ ಸಹ, ಅವನ ಕಿವಿಗೆ ಬೀಳುತ್ತಿತ್ತು. ಈ ಕದ್ದಾಲಿಕೆಯ ಠಾಣೆಗಳಿಗೆ ಅವರು ಮೋರಿಟ್ಸ್ ಎಂದು ಹೆಸರಿಟ್ಟಿದ್ದರು. ಲಾ ಬ್ವಾಸೆಲ್‌ನಲ್ಲಿ ಎರಡೂ ಕಡೆಯ ಸಾಲುಗಳು ತೀರ ಹತ್ತಿರ. ಕದ್ದಾಲಿಸಲು ಹೇಳಿ ಮಾಡಿಸಿದ ಜಾಗ.

ಜುಲೈ 1ರ ನಸುಕಿಗೆ ಮುಂಚೆ, ಸುಮಾರು ಮೂರು ಗಂಟೆಯ ಆಸುಪಾಸಿನಲ್ಲಿ, ಆ ಮೋರಿಟ್ಸ್ ಠಾಣೆಗೆ ಒಂದು ಸಂದೇಶದ ಚೂರು ಸಿಕ್ಕಿತು. ಅದು ನಕ್ಷೆಯಲ್ಲ, ಗುಟ್ಟಿನ ಯೋಜನೆಯಲ್ಲ. ಬ್ರಿಟಿಷರ ನಾಲ್ಕನೇ ಸೇನೆಯ ಮುಖ್ಯಸ್ಥ ಜನರಲ್ ರಾಲಿನ್ಸನ್ ತನ್ನ ಎಲ್ಲ ಸೈನಿಕರಿಗೂ ಕಳಿಸಿದ ಶುಭಾಶಯ. ಎಲ್ಲರಿಗೂ ಒಳ್ಳೆಯದಾಗಲಿ, ಗೆದ್ದ ಪ್ರತಿ ಗಜ ನೆಲವನ್ನೂ ಬಿಡದೆ ಹಿಡಿದುಕೊಳ್ಳಿ ಎಂಬ ಅರ್ಥದ ಮಾತು. 34ನೇ ಡಿವಿಜನ್ನಿನ ತಂತಿಯ ಮೇಲೆ ಅದು ಮುಂದಿನ ಕಂದಕಗಳತ್ತ ಹೊರಟಿತ್ತು. ಕೇಳಿಸಿಕೊಂಡವನಿಗೆ ಅಷ್ಟೇ ಸಾಕಾಯಿತು. ಸೈನ್ಯಾಧಿಪತಿ ಶುಭ ಕೋರುವುದು ದಾಳಿಯ ದಿನವಲ್ಲದೆ ಇನ್ನೆಂದು? ಸುದ್ದಿ ಜರ್ಮನ್ ಬ್ರಿಗೇಡಿನಿಂದ ಸುತ್ತಲಿನ ದಳಗಳಿಗೆ ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ, ಒಂದು ವಾರ ಶೆಲ್ ಸುರಿದ ಮೇಲೆ ದಾಳಿ ಬರುತ್ತದೆಂದು ಊಹಿಸಲು ಜರ್ಮನರಿಗೆ ಯಾವ ಕದ್ದಾಲಿಕೆಯೂ ಬೇಕಿರಲಿಲ್ಲ. ಆದರೆ ಇವತ್ತೇ, ಇನ್ನು ಕೆಲವೇ ಗಂಟೆಯಲ್ಲಿ ಎಂದು ಖಚಿತಪಡಿಸಿಕೊಂಡು ಕಾಯುವುದಕ್ಕೂ ಇಂದೋ ನಾಳೆಯೋ ಎಂದು ಕಾಯುವುದಕ್ಕೂ ಬಹಳ ಅಂತರವಿದೆ.

ನಮ್ಮ ಕಥೆಯ ತಿರುವು ಇಲ್ಲಿದೆ. ಹುಡುಗ ಆ ಶುಭಾಶಯವನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಾನೆ, ಮುಂದಿನ ಕಂಪನಿಗೆ ತಾನೇ ಬಜರ್ ಒತ್ತಿ ದಾಟಿಸುತ್ತಾನೆ. ಓದುತ್ತ ಅವನ ಎದೆ ತುಂಬಿ ಬಂದಿರಲೂಬಹುದು. ಅಷ್ಟು ದೊಡ್ಡ ಮನುಷ್ಯನ ಹಾರೈಕೆ ತನ್ನ ಬೆರಳ ಮೂಲಕ ಹೋಗುತ್ತಿದೆಯಲ್ಲ! ಆ ಹಾರೈಕೆಯನ್ನು ಎದುರಿನ ಡಗೌಟಿನಲ್ಲಿ ಇನ್ನೊಬ್ಬ ಬರೆದುಕೊಳ್ಳುತ್ತಿದ್ದಾನೆ ಎಂಬುದು ಅವನಿಗೆ ತಿಳಿಯದು. ಇದನ್ನು ಕಥೆಗಾರ ಹುಡುಗನಿಗೆ ತಿಳಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಳಿಸಿದರೆ ಕಥೆ ಅಪರಾಧಿ ಭಾವದ ಕಡೆಗೆ ಹೊರಳುತ್ತದೆ, ಹುಡುಗನ ಮೇಲೆ ಹೊರೆ ಬೀಳುತ್ತದೆ. ಹೊರೆ ಅವನದಲ್ಲ. ಇಷ್ಟು ಹತ್ತಿರದಿಂದ ಟೆಲಿಫೋನ್ ಬಳಸಬೇಡಿ ಎಂಬ ಎಚ್ಚರಿಕೆ ಮೇಲಿನವರಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಪರಿಹಾರವೂ ಹುಟ್ಟಿತ್ತು. ರಾಯಲ್ ಎಂಜಿನಿಯರ್ಸ್‌ನ ಕ್ಯಾಪ್ಟನ್ ಫುಲ್ಲರ್ 1915ರಲ್ಲೇ ಒಂದು ಯಂತ್ರ ರೂಪಿಸಿದ್ದರು. ಅದು ತಂತಿಗೆ ಬಿಡುತ್ತಿದ್ದುದು ಬಜರಿನ ಹಾಗೆ ನಡುಗುವ ವಿದ್ಯುತ್ತನ್ನಲ್ಲ, ಒಂದೇ ಸಮನೆ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು. ಅದನ್ನು ಕತ್ತರಿಸಿ ಕೇಳುವ ದನಿಯಾಗಿ ಮಾಡುವ ಕೆಲಸ ಪಡೆಯುವ ಯಂತ್ರದೊಳಗೇ ನಡೆಯುತ್ತಿತ್ತು. ಹಾಗಾಗಿ ಮಣ್ಣಿಗೆ ಸೋರಿದರೂ ಕದ್ದಾಲಿಸುವವನಿಗೆ ಏನೂ ಕೇಳುತ್ತಿರಲಿಲ್ಲ. ಫುಲ್ಲರ್‌ಫೋನ್ ಎಂದು ಹೆಸರಾದ ಆ ಯಂತ್ರ 1916ರ ಆ ಬೆಳಗ್ಗೆ ಎಲ್ಲ ಕಂದಕಗಳಿಗೂ ತಲುಪಿರಲಿಲ್ಲ.

ನಾಲ್ಕು ಗಂಟೆ ದಾಟಿದರೆ ಆ ಸೀಮೆಯ ಬೇಸಿಗೆಯಲ್ಲಿ ಬೆಳಕು ಹರಿಯತೊಡಗುತ್ತದೆ. ಕಂದಕದ ದಿನಚರಿಯಲ್ಲಿ ಇದು "ಸ್ಟ್ಯಾಂಡ್ ಟು" ಹೊತ್ತು. ನಸುಕಿನ ಮಬ್ಬಿನಲ್ಲಿ ಶತ್ರು ನುಗ್ಗಬಹುದೆಂದು ಪ್ರತಿ ದಿನವೂ ಎಲ್ಲರೂ ಎದ್ದು, ಬಂದೂಕಿಗೆ ಬಯೊನೆಟ್ ಸಿಕ್ಕಿಸಿ, ಮೆಟ್ಟಿಲೇರಿ ನಿಲ್ಲುತ್ತಿದ್ದರು. ಬೆಳಕು ಪೂರ್ತಿಯಾದರೆ ಇಳಿದು ಚಹಾ ಕಾಯಿಸುತ್ತಿದ್ದರು. ಅಂದು ಹಾಗಾಗಲಿಲ್ಲ. ದಾಳಿಯ ಗಂಟೆ ನಿಗದಿಯಾಗಿದ್ದುದು 7.30ಕ್ಕೆ, ಅಂದರೆ ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದ ಮೇಲೆ. ಕತ್ತಲಲ್ಲಿ ಹೋದರೆ ಶೆಲ್ ಎಲ್ಲಿ ಬೀಳುತ್ತಿದೆಯೆಂದು ಫಿರಂಗಿಯವರಿಗೆ ಕಾಣುವುದಿಲ್ಲ, ಬೆಳಕು ಬೇಕು ಎಂಬುದು ಫ್ರೆಂಚರ ಹಟ. ಬಲಭಾಗದಲ್ಲಿ ಅವರೂ ಸೇರಿ ಹೋರಾಡಬೇಕಿದ್ದರಿಂದ ಅದೇ ಗಂಟೆ ಉಳಿಯಿತು. ನಸುಕಿಗೆ ಮೊದಲಿನ ಕಾಯುವಿಕೆ ಹೀಗೆ ಹಾಡು ಹಗಲಿನವರೆಗೂ ಜಗ್ಗಿತು. ಅಪರಿಚಿತವಾದ ಈ ಮೂರು ಗಂಟೆಗಳನ್ನು ಯಾವ ಕಥೆಯೂ ಬಿಡಬಾರದು. ಕತ್ತಲಲ್ಲಿ ಭಯವನ್ನು ಪಕ್ಕದವನಿಂದ ಬಚ್ಚಿಡಬಹುದು. ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ.

6.25ಕ್ಕೆ ಫಿರಂಗಿಗಳು ಒಟ್ಟಿಗೆ ಬಾಯಿಬಿಟ್ಟವು. ಈಗ ಹುಡುಗ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಗೆ ಅಂಗೈ ಅಡ್ಡವಿಟ್ಟರೂ ಬಜರ್ ಕೇಳುವುದು ಕಷ್ಟ. 7.28ಕ್ಕೆ ಹಳ್ಳಿಯ ದಕ್ಷಿಣಕ್ಕೆ, ಜರ್ಮನ್ ಕಂದಕದ ಕೆಳಗೆ ಸುರಂಗ ಕೊರೆದು ಇಟ್ಟಿದ್ದ ಲಾಕ್‌ನಗರ್ ಗಣಿ ಸಿಡಿಯಿತು. 60,000 ಪೌಂಡ್ ಸ್ಫೋಟಕ. ಅದು ತೋಡಿದ ಹೊಂಡ ಇಂದಿಗೂ ಅಲ್ಲಿದೆ, ಸುಮಾರು ತೊಂಬತ್ತು ಮೀಟರ್ ಅಗಲ. ಎರಡು ನಿಮಿಷದ ನಂತರ ಸೀಟಿ ಊದಿದವು.

ಆ ಕ್ಷಣದಿಂದ ತಂತಿಯ ಕಥೆ ತಿರುಗುಮುರುಗಾಗುತ್ತದೆ. ಬ್ರಿಗೇಡಿನಿಂದ ಕಂದಕದ ತನಕ ಹೂತ ಕೇಬಲ್ ಗಟ್ಟಿಯಾಗಿದೆ. ಕಂದಕ ದಾಟಿದ ಮೇಲೆ ಏನೂ ಇಲ್ಲ. ಸಿಗ್ನಲರುಗಳು ಬೆನ್ನಮೇಲೆ ತಂತಿಯ ಸುರುಳಿ ಹೊತ್ತು, ಬಿಚ್ಚುತ್ತ, ದಾಳಿಯ ಸಾಲಿನ ಹಿಂದೆ ಓಡಬೇಕು. ಗುಂಡಿನ ಮಳೆಯಲ್ಲಿ ಬಾವುಟ ಬೀಸುವುದೆಂದರೆ ಸಾವನ್ನು ಕೈಬೀಸಿ ಕರೆದಂತೆ. ಉಳಿಯುವುದು ಪಾರಿವಾಳ, ಇಲ್ಲವೇ ಕಾಲ್ನಡಿಗೆಯ ಓಟಗಾರ. ಓಟಗಾರ ಬಂದ ದಾರಿಯಲ್ಲೇ ಜೀವ ಉಳಿಸಿಕೊಂಡು ಮರಳಬೇಕು. ಶೆಲ್ ಬಿದ್ದಾಗ ಆಳದ ಡಗೌಟುಗಳಲ್ಲಿ ಕೂತಿದ್ದ ಜರ್ಮನರು ಈಗ ಮೇಲೆ ಬಂದು ಮೆಷಿನ್ ಗನ್ ಹಿಡಿದಿದ್ದರು. ಹಿಂದಿನ ಸಾಲಿನ ಟೈನ್‌ಸೈಡ್ ಐರಿಷ್ ದಳವಂತೂ ಸುಮಾರು ಒಂದು ಮೈಲಿ ಹಿಂದಿನ ಇಳಿಜಾರಿನಿಂದ, ಬಯಲಿನಲ್ಲಿ, ಅವರ ಕಣ್ಣೆದುರೇ ಇಳಿದು ಬರಬೇಕಿತ್ತು. ಮುಂದಿನ ಸಾಲಿಗೆ ಏನಾಯಿತೆಂದು ಹೇಳುವ ತಂತಿ ಇದ್ದಿದ್ದರೆ ಅವರನ್ನು ತಡೆಯಬಹುದಿತ್ತೋ ಏನೋ. ತಡೆಯಲಿಲ್ಲ. ಟೈನ್‌ಸೈಡ್ ಸ್ಕಾಟಿಷ್‌ನ ನಾಲ್ಕೂ ಬೆಟಾಲಿಯನ್‌ಗಳ ಮುಖ್ಯಾಧಿಕಾರಿಗಳು ಅಂದು ಸತ್ತರು. ಸಂದೇಶ ಕೊಂಡೊಯ್ಯುವವರು ಮಾತ್ರವಲ್ಲ, ಬರೆಯಬೇಕಾದವರೂ ಇಲ್ಲವಾದರು. 34ನೇ ಡಿವಿಜನ್ ಒಂದರಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 6,000ಕ್ಕೂ ಹೆಚ್ಚು. ಅಂದು ಬೇರೆ ಯಾವ ಡಿವಿಜನ್ನಿಗೂ ಅಷ್ಟು ನಷ್ಟವಾಗಲಿಲ್ಲ. ಇಡೀ ಸೋಮ್ ಸಾಲಿನಲ್ಲಿ ಬ್ರಿಟಿಷ್ ಸೇನೆಯ ಒಂದು ದಿನದ ನಷ್ಟ 57,470, ಅದರಲ್ಲಿ ಸತ್ತವರು 19,240.

ಇಂಥ ಕಥೆಯನ್ನು ಅನುಭವಿಸಿದವರು ಬರೆದರೇ ಎಂದು ಯಾರಾದರೂ ಕೇಳಬಹುದು. ಒಬ್ಬರ ಹೆಸರು ಹೇಳಲೇಬೇಕು. ಲಾ ಬ್ವಾಸೆಲ್ ಬಿದ್ದ ಮೇಲೆ, ಜುಲೈ ನಡುಭಾಗದಲ್ಲಿ, ಅದೇ ನೆಲಕ್ಕೆ ಲ್ಯಾಂಕಶೈರ್ ಫ್ಯುಸಿಲಿಯರ್ಸ್‌ನ 11ನೇ ಬೆಟಾಲಿಯನ್ ಬಂತು. ಪಕ್ಕದ ಒವಿಯೆರ್ಸ್ ಹಳ್ಳಿಯ ಮೇಲೆ ದಾಳಿಗೆ ಹೋಗಬೇಕಿತ್ತು. ಆ ದಳದಲ್ಲಿ ಸಿಗ್ನಲ್ ತರಬೇತಿ ಪಡೆದ ಇಪ್ಪತ್ತನಾಲ್ಕರ ತರುಣ ಅಧಿಕಾರಿಯೊಬ್ಬನಿದ್ದ, ಹೆಸರು ಜೆ. ಆರ್. ಆರ್. ಟೋಲ್ಕಿನ್. ಮುಂದೆ ಅವರು ಬೆಟಾಲಿಯನ್ನಿನ ಸಿಗ್ನಲ್ ಮುಖ್ಯಸ್ಥರೂ ಆದರು. ಅಕ್ಟೋಬರ್ ಕೊನೆಗೆ ಹೇನುಗಳಿಂದ ಹರಡುವ ಕಂದಕ ಜ್ವರ ಹಿಡಿದು, ನವೆಂಬರಿನಲ್ಲಿ ಇಂಗ್ಲೆಂಡಿನ ಆಸ್ಪತ್ರೆಗೆ ಮರಳಿದರು. ಆಸ್ಪತ್ರೆಯಲ್ಲೂ ರಜೆಯಲ್ಲೂ ಕೂತು ಅವರು ಬರೆದ ಮೊದಲ ಕಥೆಗಳಲ್ಲೊಂದು "ದಿ ಫಾಲ್ ಆಫ್ ಗೊಂಡೋಲಿನ್". ಅದು ಅಚ್ಚಾದದ್ದು ಬಹಳ ತಡವಾಗಿ, ಅವರು ತೀರಿಕೊಂಡ ಮೇಲೆ, 1984ರಲ್ಲಿ.

ಅದರಲ್ಲಿ ಕಂದಕವಿಲ್ಲ, ಟೆಲಿಫೋನಿಲ್ಲ, ಜರ್ಮನರೂ ಇಲ್ಲ. ಬೆಟ್ಟಗಳ ನಡುವೆ ಅಡಗಿದ ಒಂದು ನಗರವಿದೆ. ಬೇಸಿಗೆಯ ಹಬ್ಬದ ಮುನ್ನಾ ರಾತ್ರಿ ನಡುರಾತ್ರಿಯಿಂದ ನಸುಕಿನ ತನಕ ಆ ನಗರದಲ್ಲಿ ಯಾರೂ ಮಾತಾಡುವಂತಿಲ್ಲ. ಎಲ್ಲರೂ ಕೋಟೆಗೋಡೆಯ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ಕಾಯುತ್ತಾರೆ. ಆಗ ಬೆಳಕು ಕಾಣಿಸುತ್ತದೆ, ಆದರೆ ಅದು ಪೂರ್ವದಲ್ಲಲ್ಲ, ಉತ್ತರದಲ್ಲಿ. ಅದು ಶತ್ರು ಸೈನ್ಯದ ಬೆಂಕಿ. ನಗರದ ಗುಟ್ಟನ್ನು ಒಳಗಿನವನೇ ಒಬ್ಬ ಶತ್ರುವಿಗೆ ಮೊದಲೇ ಹೇಳಿಬಿಟ್ಟಿರುತ್ತಾನೆ. ತನ್ನ ಕಥೆಗಳನ್ನು ಯುದ್ಧದ ಮುಸುಕಿನ ವರ್ಣನೆಯೆಂದು ಓದುವುದು ಟೋಲ್ಕಿನ್‌ಗೆ ಇಷ್ಟವಿರಲಿಲ್ಲ, ಆ ಮಾತನ್ನು ಗೌರವಿಸಬೇಕು. ಆದರೂ ಸಿಗ್ನಲರ್ ಆಗಿದ್ದವನೊಬ್ಬ ಸೋಮ್‌ನಿಂದ ಬಂದ ಕೂಡಲೇ ಮಾತಿಲ್ಲದ ಕಾಯುವಿಕೆಯ, ಸೋರಿಹೋದ ಗುಟ್ಟಿನ, ತಪ್ಪು ದಿಕ್ಕಿನಿಂದ ಬಂದ ಬೆಳಗಿನ ಕಥೆ ಬರೆದದ್ದನ್ನು ನಾನು ಆಕಸ್ಮಿಕ ಎನ್ನಲಾರೆ. ಎಳೆಯ ಸಿಗ್ನಲರನ ಕಥೆ ಬರೆಯಲು ಕೂರುವವರು ಮೊದಲು ಆ ಪುಟಗಳನ್ನು ಓದಲಿ, ಆಮೇಲೆ ಲಾ ಬ್ವಾಸೆಲ್‌ನ ನಕ್ಷೆ ಬಿಚ್ಚಲಿ.